ಒಬ್ಬರಿಗೆ ಜಾತಕದಲ್ಲಿ ನಂಬಿಕೆ, ಇನ್ನೊಬ್ಬರಿಗೆ ಇಲ್ಲ: ದಂಪತಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಜಾತಕ ಬರೆಯುವ ಲೆಕ್ಕವನ್ನು ನಾನು ಮನೆಯ ಹಿರಿಯರಿಂದ ಕಲಿತೆ. ಆಮೇಲೆ ವೃತ್ತಿಯಾಗಿ ಹಿಡಿದದ್ದು ದಂಪತಿಗಳ ಆಪ್ತಸಮಾಲೋಚನೆ. ಹೀಗಾಗಿ ಈ ಬಗೆಯ ಮನಸ್ತಾಪ ಇರುವವರನ್ನು ಬೇರೆಯವರು ನನ್ನ ಬಳಿಗೇ ಕಳುಹಿಸುತ್ತಾರೆ. ಅವರ ಜಗಳವನ್ನು ಸ್ವಲ್ಪ ಹೊತ್ತು ಕೇಳಿದರೆ ಸಾಕು, ಅದು ಗ್ರಹಗಳ ಬಗ್ಗೆ ಅಲ್ಲ, ದಿನಾಂಕಗಳ ಬಗ್ಗೆ ಎಂದು ಗೊತ್ತಾಗುತ್ತದೆ. ಮನೆ ಬದಲಿಸುವುದು ಯಾವಾಗ, ಕೆಲಸಕ್ಕೆ ಸೇರುವುದು ಯಾವಾಗ, ಪತ್ರಕ್ಕೆ ಸಹಿ ಹಾಕುವುದು ಯಾವಾಗ. ಅದಕ್ಕಾಗಿ ಇಲ್ಲಿ ಹೆಚ್ಚಿನ ಜಾಗವನ್ನು ಮುಹೂರ್ತದ ವಿಷಯಕ್ಕೇ ಕೊಟ್ಟಿದ್ದೇನೆ.

ಜ್ಯೋತಿಷ್ಯ ನಿಜವೋ ಸುಳ್ಳೋ ಎಂಬುದು ಮೊದಲು ಇತ್ಯರ್ಥವಾಗಬೇಡವೇ?

ಬೇಡ. ನಿಮ್ಮಿಬ್ಬರ ನಡುವೆ ಅದು ಇತ್ಯರ್ಥವಾಗುವುದೂ ಇಲ್ಲ.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಜಾತಕ ನೋಡಿ ಒಬ್ಬರ ಮುಂದಿನ ಬದುಕನ್ನು ಹೇಳಬಹುದು ಎಂದು ನಾನು ನಂಬುವುದಿಲ್ಲ. 2008ರಲ್ಲಿ ಖಗೋಳವಿಜ್ಞಾನಿ ಜಯಂತ ನಾರ್ಲೀಕರ್ ಮತ್ತು ಸಂಗಡಿಗರು ಒಂದು ಪರೀಕ್ಷೆ ನಡೆಸಿದ್ದರು. ಓದಿನಲ್ಲಿ ಮುಂದಿದ್ದ ಮಕ್ಕಳ ಜಾತಕಗಳನ್ನೂ ಬೌದ್ಧಿಕ ಬೆಳವಣಿಗೆ ಕುಂಠಿತವಾಗಿದ್ದ ಮಕ್ಕಳ ಜಾತಕಗಳನ್ನೂ ಬೆರೆಸಿ, ಒಬ್ಬೊಬ್ಬ ಜ್ಯೋತಿಷಿಗೆ 40ರಂತೆ ಕೊಟ್ಟು, ಯಾವುದು ಯಾವ ಗುಂಪಿನದು ಎಂದು ಗುರುತಿಸಲು ಕೇಳಿದರು. ಉತ್ತರ ಕಳುಹಿಸಿದ 27 ಮಂದಿ ಸರಾಸರಿ ಶೇ. 46ರಷ್ಟನ್ನು ಸರಿಯಾಗಿ ಹೇಳಿದ್ದರು. ನಾಣ್ಯ ಚಿಮ್ಮಿ ಹೇಳಿದ್ದರೂ ಶೇ. 50ರ ಆಸುಪಾಸು ಬರುತ್ತಿತ್ತು.

ಆದರೆ ಈ ಅಂಕಿಯನ್ನು ಮುಂದಿಟ್ಟು ಸಂಗಾತಿಯ ಮನಸ್ಸನ್ನು ಬದಲಿಸಿದವರನ್ನು ನಾನು ಒಬ್ಬರನ್ನೂ ಕಂಡಿಲ್ಲ. ನಂಬುವವರು ಒಂದು ಸಿದ್ಧಾಂತವನ್ನು ಹಿಡಿದು ಕುಳಿತಿರುವುದಿಲ್ಲ. ಹಿಂದೆ ಎಂದೋ ಆದ ಒಂದು ಸಾವು, ಒಂದು ನಷ್ಟ, ಒಂದು ಮುರಿದ ಸಂಬಂಧ ಅವರ ಮನಸ್ಸಿನಲ್ಲಿ ಉಳಿದಿರುತ್ತದೆ. ಅದು ಮರುಕಳಿಸದಿರಲಿ ಎಂಬ ಆತಂಕಕ್ಕೆ ಅವರಿಗೆ ಸಿಕ್ಕಿರುವ ಊರುಗೋಲು ಪಂಚಾಂಗ. ಪ್ರಯೋಗದ ಫಲಿತಾಂಶ ಎಷ್ಟೇ ಸ್ಪಷ್ಟವಾಗಿರಲಿ, ಆ ಆತಂಕವನ್ನು ಅದು ಮುಟ್ಟುವುದಿಲ್ಲ.

ಇತ್ಯರ್ಥವಾಗಬೇಕಾದ ಪ್ರಶ್ನೆ ಬೇರೆ ಇದೆ. ಒಂದು ತೀರ್ಮಾನದ ಯಾವ ಹಂತದಲ್ಲಿ ಪಂಚಾಂಗವನ್ನು ತೆರೆಯಬೇಕು? ಎಲ್ಲಕ್ಕಿಂತ ಮೊದಲು ತೆರೆದರೆ ಉಳಿದ ಕಾರಣಗಳೆಲ್ಲ ಅದರ ಹಿಂದೆ ಓಡಬೇಕಾಗುತ್ತದೆ. ಇಬ್ಬರೂ ಕುಳಿತು ಬೇಲಿ ಹಾಕಿದ ಮೇಲೆ ತೆರೆದರೆ, ಬೇಲಿಯೊಳಗಿನ ಯಾವ ಜಾಗ ಎಂದು ಮಾತ್ರ ಅದು ಹೇಳುತ್ತದೆ. ಈ ಕ್ರಮವೊಂದನ್ನು ಅದಲುಬದಲು ಮಾಡಿದ್ದರಿಂದಲೇ ಹಲವು ಮನೆಗಳಲ್ಲಿ ಜಗಳ ತಗ್ಗಿದ್ದನ್ನು ನೋಡಿದ್ದೇನೆ.

ಬೇಲಿ ಹಾಕುವುದು ಎಂದರೆ ಏನು? ಒಂದು ಉದಾಹರಣೆ ಹೇಳಿ.

ನನ್ನ ಬಳಿಗೆ ಬಂದಿದ್ದ ಒಂದು ದಂಪತಿಯ ಸಂಗತಿಯನ್ನು ಅವರ ಒಪ್ಪಿಗೆಯಿಂದ, ಗುರುತು ಸಿಗದಂತೆ ಬರೆಯುತ್ತೇನೆ. ಪತಿಗೆ ಜ್ಯೋತಿಷ್ಯದಲ್ಲಿ ಗಾಢ ನಂಬಿಕೆ, ಪತ್ನಿಗೆ ಕಿಂಚಿತ್ತೂ ಇಲ್ಲ. ಬಾಡಿಗೆ ಮನೆಯ ಕರಾರು ಆ ತಿಂಗಳ 30ಕ್ಕೆ ಮುಗಿಯುತ್ತಿತ್ತು. ಹೊಸ ಮನೆಯ ಕೀಲಿಕೈ 15ರಂದು ಕೈಗೆ ಬರುತ್ತಿತ್ತು. ಪತ್ನಿ 27ರ ಸೋಮವಾರ ಹೊಸ ಕೆಲಸಕ್ಕೆ ಹಾಜರಾಗಬೇಕಿತ್ತು. ಆ ಕಚೇರಿ ಹೊಸ ಮನೆಗೆ ಹತ್ತಿರ, ಹಳೆಯ ಮನೆಯಿಂದ ಎರಡು ಗಂಟೆಯ ದಾರಿ. ಹೀಗಿರುವಾಗ ಪತಿಯ ಜ್ಯೋತಿಷಿ ಹೇಳಿದ್ದು: ಈ ತಿಂಗಳಲ್ಲಿ ಒಳ್ಳೆಯ ದಿನವೇ ಇಲ್ಲ, ಮುಂದಿನ ತಿಂಗಳ 9ರಂದು ಹೋಗಿ.

ಆ ತಿಂಗಳಲ್ಲಿ ಒಂದು ದಿನವೂ ಏಕೆ ಸಿಗಲಿಲ್ಲ ಎಂಬುದನ್ನು ಮೊದಲು ಪತ್ನಿಗೆ ವಿವರಿಸಿದೆ. ಪಂಚಾಂಗ ತಿಳಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಮುಹೂರ್ತ ನೋಡುವವರು ಒಂದು ಷರತ್ತಿನಿಂದ ಶುರುಮಾಡುವುದಿಲ್ಲ, ಜರಡಿಯ ಮೇಲೆ ಜರಡಿ ಇಡುತ್ತಾರೆ. ಚೌತಿ, ನವಮಿ, ಚತುರ್ದಶಿಗಳು ರಿಕ್ತ ತಿಥಿಗಳೆಂದು ಹೋಗುತ್ತವೆ. ಅಮಾವಾಸ್ಯೆ ಹೋಗುತ್ತದೆ. ಕೆಲವು ವಾರಗಳು ಹೋಗುತ್ತವೆ. ಆಮೇಲೆ ತಾರಾಬಲ: ಜನ್ಮನಕ್ಷತ್ರದಿಂದ ಆ ದಿನದ ನಕ್ಷತ್ರದವರೆಗೆ ಎಣಿಸಿ, ಒಂಬತ್ತರಿಂದ ಭಾಗಿಸಿದಾಗ ಉಳಿಯುವ ಶೇಷ ಮೂರು, ಐದು ಅಥವಾ ಏಳಾದರೆ ಆ ದಿನ ಆಗದು. ಒಬ್ಬರ ನಕ್ಷತ್ರವನ್ನು ಮಾತ್ರ ಹಿಡಿದರೆ ಒಂಬತ್ತರಲ್ಲಿ ಆರು ದಿನ ಉಳಿಯುತ್ತವೆ. ಇಬ್ಬರದನ್ನೂ ಹಿಡಿದರೆ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಅದರ ಮೇಲೆ ಇಬ್ಬರ ಚಂದ್ರಬಲ, ಅಂದರೆ ಆ ದಿನ ಚಂದ್ರ ಜನ್ಮರಾಶಿಯಿಂದ ಎಷ್ಟನೆಯ ರಾಶಿಯಲ್ಲಿದ್ದಾನೆ ಎಂಬ ಲೆಕ್ಕ. ಇಷ್ಟಾದ ಮೇಲೆ ತಿಂಗಳಲ್ಲಿ ಒಂದೂ ಉಳಿಯದಿದ್ದರೆ ಅಚ್ಚರಿ ಏನು? ಆಕಾಶ ಆ ತಿಂಗಳು ಮುನಿದಿತ್ತು ಎಂದು ಇದರ ಅರ್ಥವಲ್ಲ, ಜರಡಿಗಳು ಹೆಚ್ಚಾಗಿದ್ದವು.

ಈಗ ಬೇಲಿ. ನಾನು ಕೇಳಿದ ಮೊದಲ ಪ್ರಶ್ನೆ ಇದು: ಮುಹೂರ್ತ ಬೇಕಾಗಿರುವುದು ಯಾವುದಕ್ಕೆ, ಮನೆಯನ್ನು ಪ್ರವೇಶಿಸುವುದಕ್ಕೋ ಸಾಮಾನು ಸಾಗಿಸುವುದಕ್ಕೋ? ಪತಿ ಇದನ್ನು ಯೋಚಿಸಿಯೇ ಇರಲಿಲ್ಲ. ಮುಹೂರ್ತಶಾಸ್ತ್ರದ ಕಾಳಜಿ ಇರುವುದು ಆರಂಭದ ಕ್ಷಣದ ಬಗ್ಗೆ. ಒಳ್ಳೆಯ ಹೊತ್ತಿನಲ್ಲಿ ಆರಂಭವಾದ ಕೆಲಸ ಆಮೇಲೆ ಎಷ್ಟು ದಿನ ನಡೆದರೂ ಅಡ್ಡಿಯಿಲ್ಲ. ಪ್ರಯಾಣಕ್ಕೆ ಸರಿಯಾದ ಹೊತ್ತಿನಲ್ಲಿ ಹೊರಡಲಾಗದವರು ತಮ್ಮದೊಂದು ವಸ್ತುವನ್ನು ಆ ಹೊತ್ತಿಗೆ ಹೊರಗೆ ಕಳುಹಿಸಿ, ತಾವು ಅನುಕೂಲವಾದಾಗ ಹೊರಡುವ ಪ್ರಸ್ಥಾನ ಎಂಬ ಏರ್ಪಾಟು ಹಳೆಯ ಮುಹೂರ್ತ ಗ್ರಂಥಗಳಲ್ಲೇ ಇದೆ. ಶಾಸ್ತ್ರ ರಚಿಸಿದವರಿಗೂ ಬದುಕಿನ ಇಕ್ಕಟ್ಟುಗಳು ಗೊತ್ತಿದ್ದವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಾಗಾಗಿ ಒಂದೇ ಜಗಳ ಎರಡು ಪ್ರಶ್ನೆಗಳಾಗಿ ಒಡೆಯಿತು. ಸಾಮಾನು ಸಾಗಿಸಲು ಇಡೀ ದಿನ ಬೇಕು, ಮರುದಿನ ಜೋಡಿಸಿಕೊಳ್ಳಲು ಬಿಡುವು ಬೇಕು. ಅದು 25ರ ಶನಿವಾರವೇ ಆಗಬೇಕು. ಇದು ಪತ್ನಿಯ ತೀರ್ಮಾನ, ಇದನ್ನು ಜ್ಯೋತಿಷಿಯ ಬಳಿ ಕೇಳುವಂತಿಲ್ಲ. ಮೊದಲ ಪ್ರವೇಶಕ್ಕೆ ಬೇಕಾದದ್ದು ಅರ್ಧ ಗಂಟೆ. ಅದು 15ರಿಂದ 25ರೊಳಗೆ ಇಬ್ಬರಿಗೂ ಬಿಡುವಿರುವ ಯಾವ ಹೊತ್ತಾದರೂ ಆಗಬಹುದು. ಇದು ಪತಿಗೆ ಬಿಟ್ಟದ್ದು, ಇದರಲ್ಲಿ ಪತ್ನಿ ಮಾತನಾಡುವಂತಿಲ್ಲ.

ಒಂದು ತೊಡಕು ಉಳಿದಿತ್ತು. ಇಬ್ಬರ ತಾರಾಬಲ, ಚಂದ್ರಬಲಗಳ ಜೊತೆಗೆ ಉಳಿದ ಜರಡಿಗಳನ್ನೂ ದಾಟುವ ದಿನ ಆ ಹತ್ತು ದಿನಗಳಲ್ಲಿ ಇರಲಿಲ್ಲ. ನಾನು ಪತಿಯನ್ನು ಕೇಳಿದೆ, ನಂಬದವರ ನಕ್ಷತ್ರವನ್ನು ಅವರ ಒಪ್ಪಿಗೆಯಿಲ್ಲದೆ ಲೆಕ್ಕಕ್ಕೆ ಸೇರಿಸುವುದು ಸರಿಯೇ? ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, ಹಿಂದಿನ ಮನೆಗೆ ದಿನ ನೋಡದೆ ಹೋಗಿದ್ದೆವು, ಅದೇ ವರ್ಷ ನನ್ನ ತಂದೆ ತೀರಿಕೊಂಡರು, ಈಗ ನನಗೆ ಭಯ ಇರುವುದು ನನ್ನ ಬಗ್ಗೆ ಅಲ್ಲ, ಇವಳ ಬಗ್ಗೆ. ಪತ್ನಿ ಆ ಮಾತನ್ನು ಅಂದೇ ಮೊದಲ ಸಲ ಕೇಳಿದ್ದು. ಎಂಟು ವರ್ಷಗಳ ದಾಂಪತ್ಯದಲ್ಲಿ ಅವರು ಗ್ರಹಗಳ ಬಗ್ಗೆ ಎಷ್ಟೋ ಸಲ ಜಗಳವಾಡಿದ್ದರು, ಆ ಸಾವಿನ ಬಗ್ಗೆ ಹೀಗೆ ಮಾತನಾಡಿರಲಿಲ್ಲ.

ಕೊನೆಗೆ ಪತಿ ತಮ್ಮ ನಕ್ಷತ್ರವನ್ನು ಮಾತ್ರ ಹಿಡಿದು ದಿನ ಕೇಳಲು ಒಪ್ಪಿದರು. 19ರ ಭಾನುವಾರ ಬೆಳಗಿನ ಒಂದು ಹೊತ್ತು ಸಿಕ್ಕಿತು. ಅಂದು ಚಂದ್ರ ಅವರ ರಾಶಿಯಿಂದ ಆರನೆಯದರಲ್ಲಿದ್ದ. 25ರಂದು ಎಂಟಕ್ಕೆ ಬಂದಿದ್ದ, ಅಂದರೆ ಅಷ್ಟಮ ಚಂದ್ರ. ನಂಬುವವರಿಗೆ ಅದು ಕಸಿವಿಸಿಯ ದಿನ. ಆದರೆ ಪ್ರವೇಶ ಆಗಿಹೋಗಿದ್ದರಿಂದ ಸಾಮಾನು ಸಾಗಿಸುವುದು ಹೊಸ ಆರಂಭವಲ್ಲ ಎಂದು ಜ್ಯೋತಿಷಿಯೇ ಹೇಳಿದರು. 19ರಂದು ಪತ್ನಿ ಜೊತೆಗೆ ಹೋದರು, ಅರ್ಧ ಗಂಟೆ ಇದ್ದು ಬಂದರು. ಎರಡು ಮನೆಗಳ ಬಾಡಿಗೆ ಕಟ್ಟುವುದೂ ಎರಡು ವಾರಗಳ ದೂರದ ಓಡಾಟವೂ ತಪ್ಪಿತು.

ಜ್ಯೋತಿಷಿಯ ಬಳಿ ಪ್ರಶ್ನೆಯನ್ನು ಹೇಗೆ ಕೇಳಬೇಕು?

“ಇದನ್ನು ಮಾಡಬಹುದೇ?” ಎಂದು ಕೇಳಬೇಡಿ. “ಈ ನಾಲ್ಕು ದಿನಗಳಲ್ಲಿ ಯಾವುದು ಮೇಲು?” ಎಂದು ಕೇಳಿ. ಮೊದಲ ಪ್ರಶ್ನೆಗೆ ಬೇಡ ಎಂಬ ಉತ್ತರ ಬರಬಹುದು. ಆಗ ತೀರ್ಮಾನ ನಿಮ್ಮಿಬ್ಬರ ಕೈಯಿಂದ ಮೂರನೆಯವರ ಕೈಗೆ ಹೋಯಿತು. ಎರಡನೆಯ ಪ್ರಶ್ನೆಗೆ ಬರುವ ಉತ್ತರ ಯಾವುದಾದರೂ ಇಬ್ಬರಿಗೂ ನಡೆಯುತ್ತದೆ. ಒಳ್ಳೆಯ ಜ್ಯೋತಿಷಿಗಳು ಇದಕ್ಕೆ ಬೇಸರಪಡುವುದಿಲ್ಲ. ಮುಹೂರ್ತಗಳಲ್ಲಿ ಉತ್ತಮ, ಮಧ್ಯಮ, ಅಧಮ ಎಂಬ ವಿಂಗಡಣೆ ಅವರಿಗೆ ಗೊತ್ತಿದ್ದದ್ದೇ.

ಇನ್ನೊಂದು ವಿಷಯ ಜನನ ಸಮಯ. “ಬೆಳಗಿನ ಜಾವ ಹುಟ್ಟಿದ್ದು” ಎಂಬುದಷ್ಟೇ ಗೊತ್ತಿದ್ದರೆ, ಲಗ್ನದ ಮೇಲೆ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿಯ ಮೇಲೆ ನಿಂತ ಯಾವ ಮಾತಿಗೂ ಆಧಾರವಿಲ್ಲ. ಇದನ್ನು ಶಾಸ್ತ್ರದ ಒಳಗಿನಿಂದಲೇ ಹೇಳುತ್ತಿದ್ದೇನೆ. ಹನ್ನೆರಡು ರಾಶಿಗಳು 24 ಗಂಟೆಗಳಲ್ಲಿ ಪೂರ್ವದಲ್ಲಿ ಉದಯಿಸುವುದರಿಂದ ಲಗ್ನ ಸರಾಸರಿ ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಅದರ ಒಂಬತ್ತರಲ್ಲಿ ಒಂದು ಭಾಗವಾದ ನವಾಂಶ ಸುಮಾರು 13 ನಿಮಿಷಗಳಿಗೊಮ್ಮೆ. ಮನೆಯ ಗಡಿಯಾರ ಕಾಲು ಗಂಟೆ ಹಿಂದಿದ್ದರೂ ನವಾಂಶ ಕುಂಡಲಿ ಬೇರೆಯಾಗುತ್ತದೆ. ಚಂದ್ರನ ನಕ್ಷತ್ರ ಹಾಗಲ್ಲ, ಸುಮಾರು ಒಂದು ದಿನ ಇರುತ್ತದೆ. ಆದ್ದರಿಂದ ಸಮಯ ಅಂದಾಜಿನದಾಗಿದ್ದರೂ ತಾರಾಬಲವನ್ನು ಬಹುಮಟ್ಟಿಗೆ ಲೆಕ್ಕ ಹಾಕಬಹುದು. ನಂಬುವ ಸಂಗಾತಿ ತಮ್ಮ ನಂಬಿಕೆಗೆ ನಿಷ್ಠರಾಗಿಯೇ, “ನನ್ನ ಜನನ ಸಮಯ ಖಚಿತವಿಲ್ಲ, ದಿನ ಮಾತ್ರ ನೋಡಿಸುತ್ತೇನೆ, ಭವಿಷ್ಯ ಕೇಳುವುದಿಲ್ಲ” ಎಂದು ನಿಲ್ಲಬಹುದು. ಹಾಗೆ ನಿಂತವರನ್ನು ನಾನು ತುಂಬ ಗೌರವಿಸುತ್ತೇನೆ.

ಸಂಗಾತಿಗೆ ಸಾಡೇಸಾತಿ ಶುರುವಾಗಿದೆಯಂತೆ. ಎಲ್ಲವನ್ನೂ ಮುಂದೂಡುತ್ತಿದ್ದಾರೆ. ಏನು ಮಾಡಲಿ?

ಗೇಲಿ ಮಾಡುವ ಮೊದಲು ಸಾಡೇಸಾತಿ ಎಂದರೇನು ಎಂದು ತಿಳಿದುಕೊಳ್ಳಿ. ಆಮೇಲೆ ಗೇಲಿ ಮಾಡುವ ಅಗತ್ಯವೇ ಬೀಳುವುದಿಲ್ಲ.

ಶನಿಗ್ರಹ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಹಾಗಾಗಿ ಒಂದು ರಾಶಿಯಲ್ಲಿ ಹೆಚ್ಚು ಕಡಿಮೆ ಎರಡೂವರೆ ವರ್ಷ ಇರುತ್ತದೆ. ಜನ್ಮರಾಶಿಯ ಹಿಂದಿನ ರಾಶಿ, ಜನ್ಮರಾಶಿ, ಮುಂದಿನ ರಾಶಿ ಎಂದು ಮೂರನ್ನು ದಾಟುವ ಏಳೂವರೆ ವರ್ಷಗಳೇ ಸಾಡೇಸಾತಿ. ಹನ್ನೆರಡರಲ್ಲಿ ಮೂರು ಎಂದರೆ ಕಾಲು ಭಾಗ. ಅಂದರೆ ಯಾವ ದಿನ ತೆಗೆದುಕೊಂಡರೂ ಭೂಮಿಯ ಮೇಲಿನ ಜನರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸಾಡೇಸಾತಿ ನಡೆಯುತ್ತಿರುತ್ತದೆ. ದಂಪತಿಗಳ ರಾಶಿ ಬೇರೆ ಬೇರೆಯಾಗಿದ್ದರೆ, ಇಬ್ಬರಲ್ಲಿ ಒಬ್ಬರಿಗಾದರೂ ಅದು ಇರುವ ಕಾಲ ಇನ್ನೂ ಹೆಚ್ಚು.

ಈ ಲೆಕ್ಕವನ್ನು ವಾದಕ್ಕಾಗಿ ಹೇಳಬೇಡಿ, ಜೊತೆಗೆ ಕುಳಿತು ಕಾಗದದ ಮೇಲೆ ಬರೆಯಿರಿ. ನಿಮ್ಮ ಸಂಗಾತಿ ಯಾರನ್ನು ಬದುಕಿನಲ್ಲಿ ಗೆದ್ದವರೆಂದು ಗೌರವಿಸುತ್ತಾರೋ ಅವರ ಜೀವನದಲ್ಲೂ ಈ ಏಳೂವರೆ ವರ್ಷಗಳು ಬಂದು ಹೋಗಿರುತ್ತವೆ. ಮದುವೆ, ಮಕ್ಕಳು, ಮನೆ, ಉದ್ಯೋಗ ಎಲ್ಲವೂ ಆ ವರ್ಷಗಳಲ್ಲೇ ಆಗಿರಬಹುದು. ಮುಂದೂಡುವುದಕ್ಕೆ ಏಳೂವರೆ ವರ್ಷ ಎಂಬುದು ಅವಧಿಯೇ ಅಲ್ಲ. ಈ ಮಾತನ್ನು ಅನುಭವಿ ಜ್ಯೋತಿಷಿಗಳೂ ಹೇಳುತ್ತಾರೆ: ಜಾಗ್ರತೆ ಬೇಕು, ಕೆಲಸ ನಿಲ್ಲಿಸಬೇಕಿಲ್ಲ. ನಿಮ್ಮ ಬಾಯಿಂದ ಬರುವುದಕ್ಕಿಂತ ಅವರ ಬಾಯಿಂದ ಬಂದರೆ ಸಂಗಾತಿಗೆ ಸಮಾಧಾನವಾಗುತ್ತದೆ ಎಂದಾದರೆ ಹಾಗೇ ಆಗಲಿ. ಮಾತು ಯಾರದೆಂಬುದು ಮುಖ್ಯವಲ್ಲ.

ಒಂದು ಎಚ್ಚರಿಕೆ. ಎಲ್ಲವನ್ನೂ ಮುಂದೂಡುವುದು, ನಿದ್ರೆ ಕೆಡುವುದು, ಹಿಂದೆ ಇಷ್ಟವಾಗಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ವಾರಗಟ್ಟಲೆ ಮುಂದುವರಿದರೆ, ಅದು ಖಿನ್ನತೆಯಾಗಿರಬಹುದು, ಶನಿ ಅದಕ್ಕೆ ಸಿಕ್ಕ ಹೆಸರು ಮಾತ್ರ. ಮನೋವೈದ್ಯರನ್ನು ಕಾಣಿ.

ಕುಜದೋಷ ಇದೆಯೆಂದು ಮದುವೆಯ ಮಾತು ಮುರಿಯುವ ಹಂತಕ್ಕೆ ಬಂದಿದೆ.

ಪ್ರೀತಿಸಿದವರೇ ಇಲ್ಲಿಗೆ ಬಂದು ನಿಲ್ಲುತ್ತಾರೆ. ಒಬ್ಬರು ಏನೂ ಇಲ್ಲ ಎನ್ನುತ್ತಾರೆ, ಇನ್ನೊಬ್ಬರು ಮನೆಯವರ ಭಯವನ್ನು ಹೊತ್ತು ತರುತ್ತಾರೆ.

ಲಗ್ನದಿಂದ ಎರಡು, ನಾಲ್ಕು, ಏಳು, ಎಂಟು, ಹನ್ನೆರಡನೆಯ ಮನೆಗಳಲ್ಲಿ ಕುಜನಿದ್ದರೆ ದೋಷ ಎನ್ನುತ್ತಾರೆ. ಕೆಲವರು ಒಂದನೆಯ ಮನೆಯನ್ನೂ ಸೇರಿಸುತ್ತಾರೆ. ಹನ್ನೆರಡರಲ್ಲಿ ಐದು ಅಥವಾ ಆರು ಮನೆ ಎಂದರೆ ಅರ್ಧದ ಆಸುಪಾಸು. ಲಗ್ನದಿಂದ ಅಲ್ಲದೆ ಚಂದ್ರನಿಂದಲೂ ಶುಕ್ರನಿಂದಲೂ ಎಣಿಸುವವರಿದ್ದಾರೆ. ಐದು ಮನೆಗಳನ್ನೇ ಹಿಡಿದು ಹೀಗೆ ಮೂರು ಕಡೆಯಿಂದ ಎಣಿಸಿದರೆ, ಒಂದು ಕಡೆಯಿಂದಲಾದರೂ ದೋಷ ಬರುವ ಸಾಧ್ಯತೆ ಹೆಚ್ಚು ಕಡಿಮೆ ಶೇ. 80. ಇಷ್ಟು ಜನರಿಗೆ ಇರುವುದನ್ನು ದೋಷ ಎಂದು ಕರೆಯುವುದೇ ನನಗೆ ಒಪ್ಪಿಗೆಯಿಲ್ಲ. ಶಾಸ್ತ್ರದವರಿಗೂ ಇದು ಹೊಳೆದಿದ್ದರಿಂದಲೇ ಸ್ವಕ್ಷೇತ್ರದಲ್ಲಿದ್ದರೆ ದೋಷವಿಲ್ಲ, ಉಚ್ಚನಾಗಿದ್ದರೆ ಇಲ್ಲ, ಇಬ್ಬರಿಗೂ ಇದ್ದರೆ ಕಳೆಯುತ್ತದೆ ಎಂಬ ಅಪವಾದಗಳ ದೊಡ್ಡ ಪಟ್ಟಿಯೇ ಬೆಳೆದಿದೆ. ಹುಡುಕುವ ಮನಸ್ಸಿದ್ದರೆ ದೋಷವೂ ಸಿಗುತ್ತದೆ, ಪರಿಹಾರವೂ ಸಿಗುತ್ತದೆ.

ಮದುವೆ ಆಗಿಹೋಗಿದ್ದರೆ ಒಂದೇ ಮಾತು: ಹೊಂದಾಣಿಕೆಯ ಜಾತಕವನ್ನು ಮತ್ತೆ ತೆರೆಸಬೇಡಿ. ಜಗಳದ ನಡುವೆ “ನಿನ್ನ ಜಾತಕದಲ್ಲೇ ಹಾಗಿದೆ” ಎಂಬ ಮಾತು ಒಮ್ಮೆ ಬಂದರೆ ಅದನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ. ತಪ್ಪು ಮಾಡಿದವರು ತಿದ್ದಿಕೊಳ್ಳಬಹುದು, ಹುಟ್ಟಿದ ಹೊತ್ತನ್ನು ಯಾರು ತಿದ್ದಿಕೊಳ್ಳಬಲ್ಲರು? ಸಂಗಾತಿಯ ಸ್ವಭಾವದ ಬಗ್ಗೆ ಜ್ಯೋತಿಷಿಯನ್ನು ಕೇಳುವುದಿಲ್ಲ ಎಂಬುದನ್ನು ನಿಮ್ಮ ಒಪ್ಪಂದದ ಮೊದಲ ಸಾಲಾಗಿ ಬರೆಯಿರಿ.

ರಾಜಿ ಮಾಡಿಕೊಳ್ಳಲೇಬಾರದ ವಿಷಯ ಯಾವುದಾದರೂ ಇದೆಯೇ?

ಇದೆ. ದೇಹ. ಔಷಧ ಯಾವಾಗ ಶುರುಮಾಡಬೇಕು, ಶಸ್ತ್ರಚಿಕಿತ್ಸೆ ಬೇಕೇ ಬೇಡವೇ, ಗಡ್ಡೆಯನ್ನು ಪರೀಕ್ಷೆಗೆ ಕೊಡಬೇಕೇ ಎಂಬುವು ಪಂಚಾಂಗದ ಮುಂದೆ ಹೋಗುವ ಪ್ರಶ್ನೆಗಳಲ್ಲ. ಯಾರ ದೇಹವೋ ಅವರು ಮತ್ತು ಅವರ ವೈದ್ಯರು ತೀರ್ಮಾನಿಸಬೇಕು.

ಹೆರಿಗೆಯ ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಒತ್ತಡ ಬರುವುದು ಇಲ್ಲೇ. ಮಗುವಿಗೆ ಒಳ್ಳೆಯ ನಕ್ಷತ್ರ ಸಿಗಲಿ ಎಂದು ಸಿಸೇರಿಯನ್ ದಿನವನ್ನು ಹಿಂದಕ್ಕೆ ಎಳೆಯುವವರಿದ್ದಾರೆ. ವೈದ್ಯಕೀಯ ಕಾರಣವಿಲ್ಲದೆ 39 ವಾರ ತುಂಬುವ ಮೊದಲೇ ಸಿಸೇರಿಯನ್ ಮಾಡಿದರೆ ಮಗುವಿಗೆ ಉಸಿರಾಟದ ತೊಂದರೆಯಾಗುವ ಸಾಧ್ಯತೆ ಹೆಚ್ಚುತ್ತದೆ. ಶ್ವಾಸಕೋಶ ಪಕ್ವವಾಗುವುದು ಆ ಕೊನೆಯ ವಾರಗಳಲ್ಲಿ. ಮಗುವಿನ ನಕ್ಷತ್ರದ ಬಗ್ಗೆ ಕಾಳಜಿ ಇರುವವರಿಗೆ ಅದರ ಮೊದಲ ಉಸಿರಿನ ಬಗ್ಗೆಯೂ ಕಾಳಜಿ ಇರಬೇಕಲ್ಲವೇ? ಸಿಸೇರಿಯನ್ ಹೇಗೂ ಆಗಬೇಕಿದ್ದು, ವೈದ್ಯರೇ “ಈ ಮೂರು ದಿನಗಳಲ್ಲಿ ಯಾವುದಾದರೂ ಆಗಬಹುದು” ಎಂದರೆ, ತಾಯಿ ಒಪ್ಪಿದರೆ, ಆ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ. ಬೇಲಿಯನ್ನು ಹಾಕುವವರು ಇಲ್ಲಿ ವೈದ್ಯರು. ಮಧ್ಯರಾತ್ರಿಯ ಮುಹೂರ್ತಕ್ಕಾಗಿ ಆಸ್ಪತ್ರೆಯವರನ್ನು ಪೀಡಿಸಬೇಡಿ.

ಪರಿಹಾರಗಳಿಗೆ ಹಣ ಸುರಿಯುತ್ತಿದ್ದಾರೆ.

ಇಬ್ಬರೂ ತಮ್ಮ ಮನಸ್ಸಿಗೆ ಬಂದಂತೆ, ಲೆಕ್ಕ ಕೊಡದೆ ಖರ್ಚು ಮಾಡಲು ತಿಂಗಳಿಗೆ ಸಮನಾದ ಒಂದು ಮೊತ್ತವನ್ನು ಎತ್ತಿಡಿ. ಪರಿಹಾರದ ಖರ್ಚು ಅದರೊಳಗೆ ಇರಲಿ. ಸಾಲ ತೆಗೆಯುವಂತಿಲ್ಲ, ಉಳಿತಾಯ ಮುಟ್ಟುವಂತಿಲ್ಲ.

ದೋಷ ಕಂಡುಹಿಡಿದವರೇ ಪರಿಹಾರವನ್ನೂ ಮಾರುತ್ತಿದ್ದರೆ, ಪ್ರತಿ ಭೇಟಿಯಲ್ಲೂ ಹೊಸ ದೋಷ ಸಿಗುತ್ತಿದ್ದರೆ, ಇಷ್ಟು ದಿನದೊಳಗೆ ಮಾಡಿಸದಿದ್ದರೆ ಅನಾಹುತ ಎಂದು ಗಡುವು ಹಾಕಿದರೆ, ಮನೆಯವರಿಗೆ ಹೇಳಬೇಡಿ ಎಂದರೆ, ಅದು ಮೋಸ. ಜ್ಯೋತಿಷ್ಯವನ್ನು ನಂಬುವವರು ಕೂಡ ಆ ಬಾಗಿಲಿನಿಂದ ಎದ್ದು ಬರಬೇಕು.

ಭವಿಷ್ಯವಾಣಿಗಳನ್ನು ಬರೆದಿಟ್ಟು ಪರೀಕ್ಷಿಸೋಣವೇ?

ಇಬ್ಬರಿಗೂ ಕುತೂಹಲವಿದ್ದರೆ ಮಾತ್ರ. ಒಬ್ಬರನ್ನು ಸೋಲಿಸುವುದಕ್ಕಾದರೆ ಬೇಡ.

ಮಾಡುವುದಾದರೆ ಹೀಗೆ ಮಾಡಿ. ಜ್ಯೋತಿಷಿ ಹೇಳಿದ ದಿನವೇ ಆ ಮಾತನ್ನು ಪುಸ್ತಕದಲ್ಲಿ ದಿನಾಂಕದೊಂದಿಗೆ ಬರೆಯಿರಿ. ಅದರ ಪಕ್ಕದಲ್ಲಿ, ಏನಾದರೆ ಅದು ನಿಜವಾಯಿತು ಎನ್ನುತ್ತೀರಿ, ಯಾವ ದಿನದೊಳಗೆ ಎಂಬುದನ್ನೂ ಈಗಲೇ ಬರೆಯಿರಿ. “ಕೆಲಸದಲ್ಲಿ ಬದಲಾವಣೆ” ಎಂದು ಬರೆದರೆ ಸಾಲದು. ಕುರ್ಚಿ ಬದಲಾದರೂ ಬದಲಾವಣೆಯೇ. “ಆರು ತಿಂಗಳೊಳಗೆ ಬೇರೆ ಕಚೇರಿಗೆ ವರ್ಗ” ಎಂದು ಬರೆಯಬಹುದು. ಹೀಗೆ ಬಿಗಿಗೊಳಿಸಲು ಬಾರದ ಮಾತುಗಳನ್ನು ಪ್ರತ್ಯೇಕ ಹಾಳೆಯಲ್ಲಿಡಿ. ಯಾವ ಹಾಳೆ ಬೇಗ ತುಂಬುತ್ತದೆ ಎಂಬುದು ನಿಮಗೇ ಕಾಣುತ್ತದೆ.

ಆ ಸಡಿಲ ಮಾತುಗಳು ಏಕೆ ಅಷ್ಟು ನಿಜವೆನ್ನಿಸುತ್ತವೆ ಎಂಬುದಕ್ಕೆ ಒಂದು ಹಳೆಯ ಪ್ರಯೋಗವಿದೆ. ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆಯೊಂದನ್ನು ಕೊಟ್ಟು, ನಿನ್ನ ವ್ಯಕ್ತಿತ್ವದ ವಿವರ ಎಂದು ಎಲ್ಲರ ಕೈಗೂ ಒಂದೇ ಬರಹವನ್ನು ಕೊಟ್ಟರು. ಅದರ ವಾಕ್ಯಗಳನ್ನು ಅವರು ಆರಿಸಿದ್ದು ಜ್ಯೋತಿಷ್ಯದ ಪುಸ್ತಕವೊಂದರಿಂದ. ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಕೊಡಲು ಹೇಳಿದಾಗ ಸರಾಸರಿ ನಾಲ್ಕಕ್ಕಿಂತ ಹೆಚ್ಚು ಬಂತು. ಆ ವಿದ್ಯಾರ್ಥಿಗಳು ದಡ್ಡರಲ್ಲ. ತನ್ನ ಬಗ್ಗೆ ಯಾರಾದರೂ ಗಮನವಿಟ್ಟು ಮಾತನಾಡಿದಾಗ ಮನುಷ್ಯ ಕೇಳುವ ರೀತಿಯೇ ಅದು. ನಿಮ್ಮ ಸಂಗಾತಿ ಜ್ಯೋತಿಷಿಯ ಬಳಿ ಹೋಗಿ ಹಗುರವಾಗಿ ಬರುತ್ತಿದ್ದರೆ, ಅವರ ಮಾತನ್ನು ಮನೆಯಲ್ಲಿ ಯಾರು ಅಷ್ಟು ಹೊತ್ತು ಕೇಳಿದ್ದರು ಎಂದು ಯೋಚಿಸಿ.

ನಂಬದ ನನ್ನಿಂದ ಯಾವ ತಪ್ಪು ಆಗುತ್ತಿರಬಹುದು?

ಒಪ್ಪಿಕೊಂಡ ಮೇಲೂ ಮುಖ ಗಂಟಿಕ್ಕಿಕೊಂಡು ಹೋಗುವುದು. ಆ ಅರ್ಧ ಗಂಟೆಯನ್ನು ಕೊಡುವುದಾದರೆ ಮನಸಾರೆ ಕೊಡಿ. ಇಲ್ಲವಾದರೆ ಬರುವುದಿಲ್ಲ ಎಂದು ಮೊದಲೇ ಹೇಳಿ. ನೆಂಟರ ಮುಂದೆ ಅದನ್ನು ನಗೆಯ ಮಾತಾಗಿಸಬೇಡಿ. ಹಾಗೆ ನಕ್ಕ ಮನೆಗಳಲ್ಲಿ ಆಮೇಲೆ ಜ್ಯೋತಿಷಿಯ ಭೇಟಿ ಗುಟ್ಟಾಗಿ ನಡೆಯುತ್ತದೆ. ಗುಟ್ಟು ಒಳಗೆ ಬಂದ ಮೇಲೆ ಬೇಲಿಗೆ ಅರ್ಥವಿಲ್ಲ. ನಂಬುವಂತೆ ನಟಿಸುವುದೂ ಬೇಡ, ಅದು ಎಂದಾದರೂ ಹೊರಬೀಳುತ್ತದೆ.

ಮಕ್ಕಳಿಗೆ ಏನು ಹೇಳಬೇಕು?

ಇಬ್ಬರ ಅಭಿಪ್ರಾಯ ಬೇರೆ ಎಂದು ಹೇಳಿ, ಅಷ್ಟೇ. ಆದರೆ ಮಗುವಿನ ಜಾತಕದಲ್ಲಿ ಏನಿದೆ ಎಂಬುದನ್ನು ಅದರ ಕಿವಿಗೆ ಹಾಕಬೇಡಿ. “ನಿನಗೆ ವಿದ್ಯೆ ಹತ್ತುವುದಿಲ್ಲವಂತೆ” ಎಂಬುದನ್ನು ಕೇಳಿ ಬೆಳೆದವರು ಮಧ್ಯವಯಸ್ಸಿನಲ್ಲಿ ನನ್ನ ಮುಂದೆ ಕುಳಿತು ಅತ್ತಿದ್ದಾರೆ.

ದಿನ ನೋಡದೆ ಮಾಡಿದ ಕೆಲಸದಲ್ಲಿ ಏನಾದರೂ ಕೆಟ್ಟದಾದರೆ?

ಇದನ್ನು ಮೊದಲೇ ಮಾತನಾಡಿಕೊಳ್ಳಿ, ಏಕೆಂದರೆ ಕೆಟ್ಟದ್ದು ಆಗಿಯೇ ಆಗುತ್ತದೆ. ಯಾವ ದಿನ ಹೋದರೂ ಹೊಸ ಮನೆಯಲ್ಲಿ ಒಂದು ವರ್ಷದೊಳಗೆ ಯಾರಿಗಾದರೂ ಜ್ವರ ಬರುತ್ತದೆ, ಏನಾದರೂ ಒಡೆಯುತ್ತದೆ. ಒಳ್ಳೆಯ ಮುಹೂರ್ತದಲ್ಲಿ ಮಾಡಿದ ಕೆಲಸ ಕೆಟ್ಟರೆ ನಂಬದವರು ಚುಚ್ಚುವಂತಿಲ್ಲ, ಮುಹೂರ್ತವಿಲ್ಲದೆ ಮಾಡಿದ್ದು ಕೆಟ್ಟರೆ ನಂಬುವವರು “ನಾನು ಹೇಳಿರಲಿಲ್ಲವೇ” ಎನ್ನುವಂತಿಲ್ಲ. ಇದನ್ನು ಬರೆದು ಇಬ್ಬರೂ ಸಹಿ ಹಾಕಿ ಎಂದು ನಾನು ಒತ್ತಾಯಿಸುತ್ತೇನೆ. ಮೇಲೆ ಹೇಳಿದ ದಂಪತಿಯೂ ಸಹಿ ಹಾಕಿದ್ದರು.

ಅವರು ಹೊಸ ಮನೆಗೆ ಹೋದ ಮೂರನೆಯ ವಾರ ಮಗು ಮೆಟ್ಟಿಲಿನಿಂದ ಜಾರಿ ಮಣಿಕಟ್ಟಿನ ಮೂಳೆ ಮುರಿದುಕೊಂಡಿತು. ಮುಂದಿನ ಭೇಟಿಗೆ ಪತ್ನಿ ಒಬ್ಬರೇ ಬಂದರು. “ಆಸ್ಪತ್ರೆಯಲ್ಲಿ ಇಡೀ ರಾತ್ರಿ ಅವರು 25ನೇ ತಾರೀಖಿನ ಮಾತೆತ್ತಲಿಲ್ಲ. ಬೆಳಿಗ್ಗೆ ನಾನೇ ಕೇಳಿದೆ, ಹೇಳಬೇಕು ಎನ್ನಿಸಿತ್ತೇ ಎಂದು. ಹೌದು ಎಂದರು. ನಾನು ಅವರ ಕೈ ಹಿಡಿದುಕೊಂಡು ಕುಳಿತೆ” ಎಂದರು.